ಮಾದರಿ ವಾಕ್ಯ

ಬೀದರದ ನಮ್ಮ ಕಚೇರಿಯ ಹಿರಿಯ ಗುಮಾಸ್ತೆ, ಎಲ್ಲರೂ ಅಕ್ಕ ಎಂದು ಕರೆಯುವವರು, ನಿವೃತ್ತರಾಗುವ ದಿನ, ಸಂಜೆಯ ಬೀಳ್ಕೊಡುಗೆಗೆ ವಿಡಿಯೊ ಮಾಡುವ ಕೆಲಸ ನನ್ನ ತಲೆಗೆ ಬಿತ್ತು. ಬೀದರ, ಭಾಲ್ಕಿ, ಔರಾದ ಶಾಖೆಗಳವರು ಚಿಕ್ಕ ಚಿಕ್ಕ ತುಣುಕು ಕಳಿಸಬೇಕು. ಅವನ್ನು ಜೋಡಿಸಿ, ನಡುನಡುವೆ ಓದುವ ಮಾತು ನಾನು ಬರೆಯಬೇಕು. ಏನು ಹೇಳಬೇಕೆಂದು ಎಲ್ಲರೂ ಪೀಡಿಸಿದ್ದಕ್ಕೆ ಗ್ರೂಪಿನಲ್ಲಿ ಒಂದು ಮಾದರಿ ವಾಕ್ಯ ಹಾಕಿದ್ದೆ.

ಮಧ್ಯಾಹ್ನ ಅಕ್ಕ ಊಟಕ್ಕೆ ಹೋದಾಗ ತುಣುಕುಗಳನ್ನು ತೆರೆದೆ. ಎಲ್ಲರೂ ನನ್ನ ಮಾದರಿಯನ್ನೇ ಒಪ್ಪಿಸಿದ್ದರು: 'ನಿಮ್ಮ ನಿವೃತ್ತಿ ಜೀವನ ಸುಖಕರವಾಗಿರಲಿ.' ಭಾಲ್ಕಿಯವರಂತೂ ಸಾಲಾಗಿ ನಿಂತು ಮಗ್ಗಿ ಹೇಳಿದಂತೆ ಹೇಳಿದ್ದರು. ಮತ್ತೆ ಕಳಿಸಿರೆನ್ನಲು ಹೊತ್ತಿರಲಿಲ್ಲ. ಹೊರಗಿನ ಶಾಖೆಗಳವರು ಬೀಳ್ಕೊಡುಗೆಗೆಂದು ಆಗಲೇ ಬೀದರದ ಬಸ್ಸು ಹತ್ತಿದ್ದರು. ಇದಕ್ಕೆ ಏನು ಬರೆಯಲಿ, ನನ್ನ ತಲೆ?

ಸಿಟ್ಟಿನಲ್ಲಿ, ದಿನಾ ನಮ್ಮಲ್ಲಿಗೆ ಟಪಾಲು ತರುವ ಔರಾದದ ಜವಾನರ ತುಣುಕನ್ನು ಕೊನೆಯವರೆಗೂ ಓಡಬಿಟ್ಟೆ. ವಾಕ್ಯ ಮುಗಿಸಿ, ಫೋನು ಬಂದ್ ಆಯಿತೆಂದು ತಿಳಿದು, ಅವರು ಪಕ್ಕದವರಿಗೆ ಹೇಳುತ್ತಿದ್ದರು: "ನಾಳಿಂದ ನಮಗ ಯಾರ ಬೈತಾರ್ರಿ? ಬೈದು ಮತ್ತ ಚಾ ಯಾರ ಕುಡಸ್ತಾರ್ರಿ?"

ಉಳಿದವನ್ನೂ ಓಡಿಸಿದೆ. ಎಷ್ಟೋ ತುಣುಕುಗಳ ಬಾಲದಲ್ಲಿ ಇಂಥದೇನೋ ಸಿಕ್ಕಿತು. ವಾಕ್ಯಗಳನ್ನೆಲ್ಲ ಕತ್ತರಿಸಿ ಬಾಲಗಳನ್ನಷ್ಟೇ ಜೋಡಿಸಿದೆ. ನಡುವೆ ಓದಲು ಊರಿನ ಹೆಸರು ಸಾಕಾಯಿತು.

ಕೊನೆಗೆ ನನ್ನದೇ ತುಣುಕು ಬಾಕಿ. ಅಕ್ಕನ ಪಕ್ಕದ ಮೇಜಿನಲ್ಲೇ ವರ್ಷಗಟ್ಟಲೆ ಕೂತವನು ನಾನು. ಫೋನಿನೆದುರು ಬಾಯಿ ತೆರೆದರೆ ಹೊರಬಿದ್ದದ್ದು ಅದೇ ವಾಕ್ಯ. ಅದನ್ನೂ ಕತ್ತರಿಸಿದೆ. ಬಂದ್ ಮಾಡಲು ಕೈ ಚಾಚಿ, ಮಾಡದೆ, ಅಕ್ಕನ ಖಾಲಿ ಕುರ್ಚಿಯನ್ನು ನೋಡುತ್ತ ನಿಂತ ನನ್ನ ಮುಖವಷ್ಟೇ ಉಳಿಯಿತು. ಅದನ್ನೇ ಹಾಕಿದೆ.