ಪಂಗ್ತಿಯಿಂದ ಎದ್ದು ಬಿದ್ದವನು

ಇದನ್ನು ಹೇಳುವುದನ್ನು ಆರು ವರ್ಷ ಮುಂದೂಡಿದ್ದೇನೆ. ಸಮಯ ಸಿಗಲಿಲ್ಲ ಎಂದರೆ ಸುಳ್ಳಾಗುತ್ತದೆ. ಹೇಳಿದರೆ ನಾನು ಎಂಥವನೆಂದು ಗೊತ್ತಾಗುತ್ತದೆ ಎಂಬ ಹೆದರಿಕೆ ಇತ್ತು. ಈಗ ಹೇಳದೆಯೇ ಸತ್ತುಹೋಗುತ್ತೇನೇನೋ ಎಂಬ, ಅದಕ್ಕಿಂತ ದೊಡ್ಡ ಹೆದರಿಕೆ ಬಂದಿದೆ.

ಕಾಗವಾಡದ ಬಗಲಲ್ಲಿರುವ ನಮ್ಮೂರಿನ ಭಜನಾ ಮೇಳಕ್ಕೆ ನಾನೇ ಹಿರಿಯ. ಕೊರಳಿಗೆ ತುಳಸಿಮಾಲೆ ಹಾಕಿಕೊಂಡವರು ಹೆಂಡ ಮುಟ್ಟುವಂತಿಲ್ಲ. ಮುಟ್ಟಿದವನ ಮಾಲೆ ತೆಗೆಸುವುದು ಹಿರಿಯನ ಕೆಲಸ. ಮೇಳದಲ್ಲಿ ಪಖವಾಜ ಬಾರಿಸುತ್ತಿದ್ದವನು ನನ್ನ ತಂಗಿಯ ಗಂಡ. ನಮ್ಮ ಕಡೆಯ ರೂಢಿಯಂತೆ ಎಲ್ಲರೂ ಅವನನ್ನು ದಾಜಿ ಎನ್ನುತ್ತಿದ್ದರು. ಅವನಿಗೆ ಹದಿನೈದು ವರ್ಷದಿಂದ ಸಕ್ಕರೆ ಕಾಯಿಲೆ ಇತ್ತು.

ಆರು ವರ್ಷದ ಹಿಂದೆ, ಅಂದು ಏಕಾದಶಿಯ ಮರುದಿನದ ಊಟ. ಪಂಗ್ತಿಯಲ್ಲಿ ಕೊನೆಯವನ ಊಟ ಮುಗಿಯುವತನಕ ಯಾರೂ ಏಳಬಾರದು, ಎಲ್ಲರೂ ಒಟ್ಟಿಗೇ ಏಳಬೇಕು ಎಂಬುದು ನಮ್ಮ ಪದ್ಧತಿ. ದಾಜಿ ನನ್ನ ಎದುರಿಗೇ ಕುಳಿತಿದ್ದ. ಮೊಸರನ್ನ ಉಣ್ಣುತ್ತಿದ್ದವನ ಹಣೆ, ಕುತ್ತಿಗೆಯಿಂದ ಬೆವರು ತಟತಟ ಇಳಿಯುತ್ತಿತ್ತು.

"ಏನ ದಾಜಿ, ಮೊಸರಿಗೂ ಖಾರ ಹತ್ತೇತೇನು?" ಎಂದು ತಾಳದವನು ನಗಿಸಿದ.

"ಅಡಗಿ ಮಾಡಿದಾಕಿ ನನ್ನ ಹೇಣ್ತಿ ಅಲ್ಲೇನೋ, ಖಾರ ಇರೂದ" ಎಂದು ದಾಜಿಯೂ ನಕ್ಕ.

ಊಟ ಮುಗಿದು ಎಲ್ಲರೂ ಎದ್ದೆವು. ಅವನೂ ಎದ್ದ. ಮುಖ ಬಿಳಿಚಿತು. ಪಕ್ಕದವನ ಭುಜ ಹಿಡಿಯಲು ಹೋಗಿ ಎಲೆಗಳ ಮೇಲೇ ಕುಸಿದ. ಬಿದ್ದ ಅರೆಗಳಿಗೆಯಲ್ಲೇ ಕಣ್ಣು ಬಿಟ್ಟ. ಧೋತರ ಒದ್ದೆಯಾಗಿತ್ತು.

"ಕುಡದ ಬಂದಾನ" ಎಂದು ಯಾರೋ ಪಿಸುಗುಟ್ಟಿದರು. ವಾಸನೆ ಬಂದಿರಲಿಲ್ಲ. ನಾನು ಬಗ್ಗಿ ನೋಡಲೂ ಇಲ್ಲ. "ಮಾಲಿ ತಗೀ" ಎಂದೆ.

ಬಡಿಸುತ್ತಿದ್ದ ತಂಗಿ ಸೌಟು ಹಿಡಿದೇ ಓಡಿ ಬಂದಳು. "ಅಣ್ಣಾ, ಕುಡದಿಲ್ಲೋ. ಸಕ್ಕರಿಯಿಂದ ನರಾ ಕೆಟ್ಟಾವ ಅಂತ ಡಾಕ್ಟರ ಹೇಳ್ಯಾರ. ಎದ್ದ ನಿಂತ್ರ ಚಕ್ಕರ ಬರ್ತೈತಿ."

"ಸಕ್ಕರಿ ನನಗೂ ಐತಿ. ನಾ ಬೀಳ್ತೀನೇನು? ಹೆಂಗಸರು ನಡುವ ಬರಬ್ಯಾಡ್ರಿ."

ದಾಜಿ ಕುಳಿತಲ್ಲೇ ಮಾಲೆ ತೆಗೆದು ನನ್ನ ಕೈಗಿಟ್ಟ. ಮತ್ತೆ ಮೇಳಕ್ಕೆ ಬರಲಿಲ್ಲ. ಎರಡು ವರ್ಷಕ್ಕೆ, ಮೂತ್ರ ಪೂರ್ತಿ ಹೋಗದೆ ಒಳಗೇ ನಿಂತು, ನಂಜಾಗಿ, ಚಳಿಜ್ವರದಲ್ಲಿ ತೀರಿಕೊಂಡ.

ಹೋದ ವರ್ಷ ನಾನು ಉಣ್ಣುವಾಗ ಅಂಗಿಯ ಕಾಲರು ಒದ್ದೆಯಾಗತೊಡಗಿತು. ಪಾದಗಳು ಮಾತ್ರ ಬೆವರುವುದನ್ನೇ ಬಿಟ್ಟು, ಒಣಗಿ ಬಿರಿದವು. ಯಾರಿಗೂ ಹೇಳಲಿಲ್ಲ. ಪಂಗ್ತಿಗೆ ಕುಳಿತುಕೊಳ್ಳುವುದನ್ನು ತಪ್ಪಿಸಿದೆ. ಒಂದು ಬೆಳಿಗ್ಗೆ ಹಾಸಿಗೆಯಿಂದ ಎದ್ದವನು ಬಚ್ಚಲ ಬಾಗಿಲಲ್ಲಿ ಬಿದ್ದೆ.

ಮಿರಜಿನ ಡಾಕ್ಟರು ಮಲಗಿಸಿ ಬಿಪಿ ನೋಡಿದರು, ನಿಲ್ಲಿಸಿ ಮತ್ತೆ ನೋಡಿದರು. ಮಲಗಿದಾಗ ನೂರಾ ನಲವತ್ತು ಇದ್ದದ್ದು ನಿಂತಾಗ ತೊಂಬತ್ತಕ್ಕೆ ಇಳಿದಿತ್ತು.

"ಅಜ್ಜಾರ, ನಿಂತಾಗ ರಕ್ತ ಕಾಲಿಗೆ ಇಳೀತೈತಿ. ಅದನ್ನ ಮ್ಯಾಲ ಒತ್ತೂ ನರಾನ ಕೆಟ್ಟಾವ. ಉಂಡ ಮ್ಯಾಲ ಇನ್ನಷ್ಟ ಇಳೀತೈತಿ."

ಆಮೇಲೆ ಮೂತ್ರ ಮಾಡಿ ಬರಲು ಹೇಳಿ ಹೊಟ್ಟೆಯ ಸ್ಕ್ಯಾನ್ ಮಾಡಿದರು. ಮೂತ್ರಚೀಲದಲ್ಲಿ ಇನ್ನೂ ಅರ್ಧದಷ್ಟು ಉಳಿದಿತ್ತು. ಉಳಿದಿದೆ ಎಂದು ನನಗೆ ಅನಿಸಿರಲೇ ಇಲ್ಲ. ದಾಜಿಯ ಚಳಿಜ್ವರ ಶುರುವಾದದ್ದು ಹೀಗೆ ಒಳಗೆ ನಿಂತ ಮೂತ್ರದಿಂದಲೇ.

"ತುಂಬಿದ್ದು ನಿಮಗ ತಿಳಿಯಂಗಿಲ್ಲ. ಅವಸರ ಆಗಲಿ ಬಿಡಲಿ, ಗಡಿಯಾರ ನೋಡಿ ಮೂರ ತಾಸಿಗೊಮ್ಮೆ ಹೋಗ್ರಿ. ಥಂಡಿ ಹತ್ತಿ ಜ್ವರಾ ಬಂದ್ರ ತಡಾ ಮಾಡಬ್ಯಾಡ್ರಿ."

"ಸಾಹೇಬ್ರ, ಎದ್ದ ನಿಂತಾಗ ನಾ ಕುಡದವರಂಗ ಕಾಣ್ತೀನೇನ್ರಿ?"

"ಕಾಣ್ತೀರಿ. ಬಾಳ ಮಂದಿ ಹಂಗ ತಿಳ್ಕೋತಾರ."

ಈಗ ದಿನಾ ಬೆಳಿಗ್ಗೆ ನನ್ನನ್ನು ಎಬ್ಬಿಸಲು ಹಿಂದಿನ ಓಣಿಯಿಂದ ತಂಗಿ ಬರುತ್ತಾಳೆ. ನಾನು ಕರೆದಿರಲಿಲ್ಲ, ಬಿದ್ದ ಸುದ್ದಿ ಕೇಳಿ ತಾನೇ ಬಂದವಳು.

"ಗಡಬಡ ಮಾಡಬ್ಯಾಡಣ್ಣಾ. ಮೊದಲ ಕುಂದರು. ಕಾಲ ಇಳಿಬಿಟ್ಟ ಪಾದ ಆಡಸು. ಹಾಂ, ಈಗ ಸಾವಕಾಶ ಏಳು. ಏಳೂದಕ್ಕ ಇಷ್ಟ ಹೊತ್ತಾದ್ರ ಯಾರದರ ಮದವಿ ಮುಹೂರ್ತ ತಪ್ಪಸ್ತೀ ನೋಡು."

"ಇದೆಲ್ಲಾ ಯಾರ ಕಲಿಸಿದ್ರವಾ?"

"ಯಾರ ಕಲಸ್ತಾರ? ಅವರನ್ನ ದಿನಾ ಎಬ್ಬಸ್ತಿದ್ನಲ್ಲ."

ಅಷ್ಟು ಹೇಳಿ ಅವಳು ಕೈ ಚಾಚಿದಳು. ಅಂದು ಮಾಲೆ ತೆಗೆಸಿದ್ದು ತಪ್ಪಾಯಿತು ಎಂಬ ಮಾತು ಆಡಬೇಕೆನಿಸಿತು. ಆಡಿದರೆ ಹಳೆಯ ನೋವು ಕೆದರಿ ಅವಳು ನಾಳೆ ಬರದೆ ಹೋದಾಳು, ಆಗ ನಾನು ಒಬ್ಬನೇ ಏಳಬೇಕು, ಬೀಳಬೇಕು ಎಂಬ ಭಯ ಬಾಯಿ ಕಟ್ಟಿತು. ಕೈ ಹಿಡಿದು ಎದ್ದೆ.

ದಾಜಿಗೆ ಮನಸ್ಸಿನಲ್ಲೇ ತಪ್ಪಾಯಿತು ಎನ್ನುತ್ತೇನೆ. ಸತ್ತವನು ತಿರುಗಿ ಏನೂ ಕೇಳುವುದಿಲ್ಲ. ಎದುರಿಗೆ ನಿಂತು ಉತ್ತರ ಕೊಡಬಲ್ಲವಳಿಗೆ ಇನ್ನೂ ಹೇಳಿಲ್ಲ. ಅವಳು ನನ್ನ ತಂಗಿ.