ಖಾನೆ ತಪ್ಪಿದ ಧ

ನಾನು ಪ್ರೆಸ್ಸಿನಲ್ಲಿ ಅಚ್ಚಿನ ಮೊಳೆ ಜೋಡಿಸುತ್ತಿದ್ದವನು. ಕಳೆದ ತಿಂಗಳು ನಿವೃತ್ತನಾದೆ. ಅದಕ್ಕೆ ನಾಲ್ಕು ತಿಂಗಳ ಮುಂಚೆ ನನ್ನ ಹೆಂಡತಿ ತೀರಿಕೊಂಡಳು. ಅವಳೂ ಅದೇ ಪ್ರೆಸ್ಸಿನಲ್ಲಿ ದುಡಿದವಳು. ಅವಳು ಕೆಲಸ ಬಿಟ್ಟಾಗ ಯಾರೂ ಶಾಲು ಹೊದಿಸಲಿಲ್ಲ. ಮಂಡಿ ನೋವು ಅಂತ ಒಂದು ಸೋಮವಾರ ಹೋಗಲಿಲ್ಲ, ಆಮೇಲೆ ಹೋಗಲೇ ಇಲ್ಲ.

ನನ್ನ ಬೀಳ್ಕೊಡುಗೆಗೆ ಎರಡು ಹಾಳೆಯಷ್ಟು ಮಾತು ಬರೆದುಕೊಂಡಿದ್ದೆ. ಗುಬ್ಬಿಯಿಂದ ತುಮಕೂರಿಗೆ ರೈಲಿನಲ್ಲಿ ಬರುತ್ತಾ ಎರಡು ಸಲ ಓದಿದೆ. ಅದರಲ್ಲಿ ಒಂದು ವಿಷಯ ಇರಲಿಲ್ಲ. ಅದನ್ನು ಹೇಳಬೇಕೋ ಬೇಡವೋ ಎಂದು ನಾಲ್ಕು ತಿಂಗಳಿಂದ ಯೋಚಿಸುತ್ತಿದ್ದೆ. ನಮ್ಮ ಪ್ರೆಸ್ಸಿನಲ್ಲಿ ವರ್ಷಗಟ್ಟಲೆ ಓಡಾಡಿದ ಒಂದು ತಮಾಷೆ ಇತ್ತು. ಅದರಲ್ಲಿ ತಪ್ಪು ಮಾಡಿದವಳು ನನ್ನ ಹೆಂಡತಿ. ನಿಜದಲ್ಲಿ ಆ ತಪ್ಪು ನನ್ನದು.

ಸಭೆ ಎಂದರೆ ಹಿಂದಿನ ಕೋಣೆಯಲ್ಲಿ ಎಂಟು ಕುರ್ಚಿ. ಈಗ ದೊಡ್ಡ ಕೆಲಸವೆಲ್ಲ ಸತ್ಯಮಂಗಲದ ಆಫ್‌ಸೆಟ್‌ಗೆ ಹೋಗುತ್ತದೆ. ಬಿಲ್ ಪುಸ್ತಕಕ್ಕೆ ನಂಬರ್ ಹಾಕಲು, ಸಣ್ಣಪುಟ್ಟ ಕಾರ್ಡಿಗೆ ಮಾತ್ರ ಆ ಕೋಣೆಯ ಹಳೇ ಮಿಷನ್ನು, ನನ್ನ ಮರದ ಕೇಸುಗಳು ಉಳಿದಿದ್ದವು. ವಯಸ್ಸಾದ ಯಜಮಾನರು ಮಗನ ಕೈ ಹಿಡಿದುಕೊಂಡು ಬಂದಿದ್ದರು. ಗೂಳೂರಿನ ಮಿಷನ್‌ಮನ್, ಬೈಂಡಿಂಗ್ ಮಾಡುವ ಹೆಂಗಸು, ಕಂಪ್ಯೂಟರ್‌ನಲ್ಲಿ ಕೆಲಸ ಮಾಡುವ ಇಬ್ಬರು ಹುಡುಗಿಯರು ಇದ್ದರು.

ಯಜಮಾನರು ಮೊದಲು ಮಾತಾಡಿದರು. ನನ್ನ ಕೈಯ ಪ್ರೂಫಿನಲ್ಲಿ ತಪ್ಪು ಹುಡುಕುವುದು ಕಷ್ಟ ಎಂದರು. ಆಮೇಲೆ, ನಾನು ಹೆದರಿದ್ದ ಹಾಗೇ, ಹುಡುಗಿಯರ ಕಡೆ ತಿರುಗಿ ಆ ಕಥೆ ತೆಗೆದರು. ಹೆಬ್ಬೂರಿನಲ್ಲಿ ರಾಸುಗಳಿಗೆ ಒಂದು ಕ್ಯಾಂಪ್ ಇತ್ತು. ಕರಪತ್ರದ ತಲೆಗೆ ‘ದನಗಳ ಉಚಿತ ತಪಾಸಣೆ’ ಅಂತ ಬರಬೇಕಿತ್ತು. ‘ಧನಗಳ ಉಚಿತ ತಪಾಸಣೆ’ ಅಂತ ಬಂತು. ಗೋಡೆಗೆಲ್ಲ ಅಂಟಿಸಿದ ಮೇಲೆ ಗೊತ್ತಾಗಿದ್ದು. ಹೆಬ್ಬೂರಿನವರು ಬೀರುಗೆ ಬೀಗ ಹಾಕ್ಕೊಂಡ್ರು, ದುಡ್ಡು ನೋಡೋಕೆ ಬರ್ತಾರಂತೆ ಅಂತ. ಹುಡುಗಿಯರು ನಕ್ಕರು.

“ಪಾಪ, ಆಯಮ್ಮ ಕುಣಿಗಲ್ ಕಡೆಯೋರು. ಬಾಯಲ್ಲೇ ದಕ್ಕೂ ಧಕ್ಕೂ ವ್ಯತ್ಯಾಸ ಇರ್ಲಿಲ್ಲ, ಇನ್ನು ಕೈಯಲ್ಲಿ ಎಲ್ಲಿಂದ ಬರ್ಬೇಕು” ಅಂದರು ಯಜಮಾನರು. ಪ್ರೀತಿಯಿಂದಲೇ ಅಂದದ್ದು. ಅವರ ಕಣ್ಣಲ್ಲಿ ನೀರಿತ್ತು.

ನಾನು ಎದ್ದು ನಿಂತು ಮೊದಲ ಹಾಳೆ ಓದಿದೆ. ಆ ಹುಡುಗಿಯರಿಗೆ ಗೊತ್ತಾಗಲಿ ಅಂತಲೇ ಬರೆದದ್ದು. ಕೇಸು ಎಂದರೆ ಖಾನೆಗಳಿರುವ ಅಗಲದ ಮರದ ತಟ್ಟೆ. ಒಂದೊಂದು ಖಾನೆಯಲ್ಲಿ ಒಂದೊಂದು ಅಕ್ಷರದ ಸೀಸದ ಮೊಳೆ. ಕನ್ನಡಕ್ಕೆ ಒಂದು ಕೇಸು ಸಾಲದು. ಕ ಬೇರೆ, ಕಿ ಬೇರೆ, ಒತ್ತುಗಳೇ ಬೇರೆ. ಹೆಚ್ಚು ಬಳಸುವ ಅಕ್ಷರ ಕೈಗೆ ಹತ್ತಿರ, ಅಪರೂಪದ್ದು ಮೂಲೆಗೆ. ಎಡಗೈಯಲ್ಲಿ ಸ್ಟಿಕ್ಕು, ಅಂದರೆ ಸಾಲು ಕೂರಿಸುವ ಪುಟ್ಟ ಲೋಹದ ತಟ್ಟೆ, ಅದರ ಮೇಲೆ ಹೆಬ್ಬೆರಳು. ಬಲಗೈ ಖಾನೆಗೆ ಹೋಗಿ ಬರುತ್ತಲೇ ಇರಬೇಕು. ಪ್ರತಿ ಮೊಳೆಯ ಮೈಮೇಲೆ ಒಂದು ಗೀರು ಇರುತ್ತದೆ. ಗೀರು ಬೆರಳಿಗೆ ಸಿಕ್ಕರೆ ಅಕ್ಷರ ಯಾವ ಕಡೆ ನಿಂತಿದೆ ಎಂದು ನೋಡದೆಯೇ ತಿಳಿಯುತ್ತದೆ. ಸ್ಟಿಕ್ಕಿನಲ್ಲಿ ಸಾಲು ಎಡದಿಂದಲೇ ಹೋಗುತ್ತದೆ, ಆದರೆ ಅಕ್ಷರಗಳು ತಲೆಕೆಳಗಾಗಿರುತ್ತವೆ. ಪದದ ನಡುವೆ ಸ್ಪೇಸು ಸೇರಿಸಿ ಸಾಲು ಬಿಗಿ ಮಾಡಬೇಕು. ಸಡಿಲ ಬಿಟ್ಟರೆ ಮಿಷನ್ನಿನಲ್ಲಿ ಮೊಳೆ ಎದ್ದು ಬರುತ್ತದೆ. ಸ್ಟಿಕ್ಕು ತುಂಬಿದರೆ ಗ್ಯಾಲಿ ಎಂಬ ಉದ್ದನೆಯ ತಟ್ಟೆಗೆ ಇಳಿಸಿ, ದಾರ ಸುತ್ತಿ ಕಟ್ಟಿ, ಪ್ರೂಫ್ ತೆಗೆಯುವುದು.

ಅಲ್ಲಿಗೆ ಹಾಳೆ ಮುಗಿಯಿತು. ಎರಡನೆಯದರಲ್ಲಿ ಬರೀ ವಂದನೆ. ನಾನು ಎರಡನ್ನೂ ಮಡಚಿ ಹಿಡಿದುಕೊಂಡು, ಬರೆದುಕೊಳ್ಳದೆ ಇದ್ದದ್ದನ್ನು ಶುರು ಮಾಡಿದೆ.

ಅಚ್ಚಾದ ಮೇಲೆ ಇನ್ನೊಂದು ಕೆಲಸ ಇದೆ ಎಂದೆ. ಮೊಳೆಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಕಟ್ಟು ಬಿಚ್ಚಿ, ಒಂದೊಂದು ಅಕ್ಷರವನ್ನೂ ಅದರದರ ಖಾನೆಗೆ ವಾಪಸ್ ಹಾಕಬೇಕು. ಅದನ್ನು ಮಾಡುತ್ತಿದ್ದವಳು ನನ್ನ ಹೆಂಡತಿ. ಜೋಡಿಸುವವನು ಖಾನೆ ನೋಡಿ ಕೈ ಹಾಕುತ್ತಾನೆ, ಅಕ್ಷರ ನೋಡಿ ಅಲ್ಲ. ಖಾನೆ ಶುದ್ಧವಾಗಿದ್ದರೆ ಪ್ರೂಫ್ ಶುದ್ಧ. ಯಜಮಾನರು ಈಗ ಹೊಗಳಿದ್ದು ಅರ್ಧ ಅವಳ ಕೈಯನ್ನ ಎಂದೆ.

ಸಾಮಾನ್ಯವಾಗಿ ನಾವು ಬಿಚ್ಚುವಾಗ ಪದವನ್ನು ಬಾಯಲ್ಲಿ ಅಂದುಕೊಂಡು, ಅಕ್ಷರ ಅಕ್ಷರವಾಗಿ ಬೀಳಿಸುತ್ತಾ ಹೋಗುತ್ತೇವೆ. ಅವಳಿಗೆ ಅದು ಆಗುತ್ತಿರಲಿಲ್ಲ. ಅವಳ ಬಾಯಲ್ಲಿ ಧರ್ಮ ದರ್ಮವೇ, ಭಾಗ್ಯ ಬಾಗ್ಯವೇ. ಕಿವಿ ನಂಬಿದರೆ ಖಾನೆ ಕೆಡುತ್ತದೆ ಎಂದು ಮೊದಲ ವಾರವೇ ತಿಳಿದುಕೊಂಡಳು. ಅದಕ್ಕೇ ಪ್ರತಿ ದ, ಪ್ರತಿ ಬ ಬಂದಾಗಲೂ ಮೊಳೆಯನ್ನು ಬೆಳಕಿಗೆ ಹಿಡಿದು, ಹೊಟ್ಟೆ ಸೀಳಿದೆಯೋ ಇಲ್ಲವೋ ನೋಡಿ ಹಾಕುತ್ತಿದ್ದಳು. ನನಗಿಂತ ನಿಧಾನ. ನಾನೇ ಎಷ್ಟೋ ಸಲ ರೇಗಿದ್ದೇನೆ.

ಕ್ಯಾಂಪಿನ ಕರಪತ್ರ ಜೋಡಿಸುವ ಹಿಂದಿನ ಸಂಜೆ ಒಂದು ಶಿವಗಣಾರಾಧನೆಯ ಕಾರ್ಡು ಬಿಚ್ಚುವುದಿತ್ತು. ಅದರ ತಲೆಬರಹ ದಪ್ಪ ಅಕ್ಷರದ್ದು. ದಪ್ಪ ಅಕ್ಷರ ನಮ್ಮಲ್ಲಿ ಇದ್ದದ್ದೇ ಎರಡೆರಡು, ಮೂರುಮೂರು. ಅವಳು ಮಗುವಿಗೆ ಜ್ವರ ಅಂತ ಬೇಗ ಹೋಗಿದ್ದಳು. ಗುಬ್ಬಿ ರೈಲಿಗೆ ಹೊತ್ತಾಗುತ್ತಿತ್ತು. ನಾನೇ ಬಿಚ್ಚಿದೆ. ‘ಆರಾಧನೆ’ಯ ಧ ಎಲ್ಲಿ ಬಿತ್ತು ಎಂದು ನೋಡಲಿಲ್ಲ. ಮಾರನೆಯ ದಿನ ‘ದನಗಳ’ ಜೋಡಿಸುವಾಗ ದ ಖಾನೆಗೆ ಕೈ ಹಾಕಿದೆ. ಆಗಲೂ ನೋಡಲಿಲ್ಲ. ಪ್ರೂಫಿನಲ್ಲಿ ಆ ಸೀಳು ಕೂದಲಿನಷ್ಟು. ಯಜಮಾನರ ಕಣ್ಣಿಗೂ ಬೀಳಲಿಲ್ಲ.

ಅವರು ಕೋಪದಲ್ಲಿ ಒಳಗೆ ಬಂದಾಗ ನಾನು ಒಂದೇ ಮಾತು ಹೇಳಿದ್ದು: ಮೊಳೆ ಖಾನೆ ತಪ್ಪಿ ಬಿದ್ದಿತ್ತು. ಸುಳ್ಳಲ್ಲ. ಯಾರು ಹಾಕಿದ್ದು ಎಂದು ಅವರು ಕೇಳಲಿಲ್ಲ, ನಾನು ಹೇಳಲಿಲ್ಲ. ಎಲ್ಲರೂ ಅವಳ ಕಡೆ ತಿರುಗಿದರು. ಅವಳು ಒಂದು ಸಲ ನನ್ನನ್ನು ನೋಡಿ, ಮತ್ತೆ ಕೇಸಿನ ಮೇಲೆ ಬಗ್ಗಿದಳು. ಅವತ್ತಿನಿಂದ ಪ್ರೆಸ್ಸಿನವರಿಗೆಲ್ಲ ಅವಳು ‘ಧನಲಕ್ಷ್ಮಮ್ಮ’ ಆದಳು. ಹಾಗೆ ಕರೆದರೆ ಅವಳೂ ನಗುತ್ತಿದ್ದಳು.

ಮನೆಯಲ್ಲಿ ಒಂದೇ ಒಂದು ಸಲ, ಮುದ್ದೆ ಬಡಿಸುತ್ತಾ ಅಂದಳು: “ಆ ಕಾರ್ಡು ನಾನು ಮುಟ್ಟೇ ಇಲ್ಲ ಕಣ್ರೀ.” ನಾನು ಉಣ್ಣುತ್ತಾ ಕೂತೆ. ಆಮೇಲೆ ಅವಳು ಆ ಮಾತು ಎತ್ತಲಿಲ್ಲ. ಅವಳು ಎತ್ತದೆ ಇದ್ದದ್ದು ನನಗೆ ಅನುಕೂಲವಾಯಿತು. ಇದನ್ನೂ ಹೇಳಿದೆ.

ಯಜಮಾನರು ತಲೆ ತಗ್ಗಿಸಿಕೊಂಡಿದ್ದರು. ಅವತ್ತು ಎಲ್ಲರ ಮುಂದೆ ನಿಲ್ಲಿಸಿ ಬೈದುಬಿಟ್ಟೆ ಆಯಮ್ಮನ್ನ ಎಂದು ಮಗನ ಹತ್ತಿರ ಮೆಲ್ಲಗೆ ಹೇಳಿದ್ದು ಕೇಳಿಸಿತು. ಮಿಷನ್‌ಮನ್ ವಾತಾವರಣ ತಿಳಿಮಾಡಲು, ಹಂಗಾದ್ರೆ ಇನ್ಮೇಲೆ ನೀವು ಧನಲಕ್ಷ್ಮಪ್ಪ ಬುಡಿ ಎಂದ. ಒಬ್ಬಿಬ್ಬರು ನಕ್ಕರು. ನನಗೂ ನಗು ಬಂತು.

ಬೈಂಡಿಂಗಿನ ಹೆಂಗಸು ನಗಲಿಲ್ಲ. ಆಕೆಗೆ ಹಾಳೆ ಮಡಚುವುದನ್ನು, ಹೊಲಿಯುವುದನ್ನು ಕಲಿಸಿದವಳು ನನ್ನ ಹೆಂಡತಿ. ಆಸ್ಪತ್ರೆಯಲ್ಲಿ ಕೊನೆಯ ವಾರ ಅವಳ ಪಕ್ಕ ಕೂತಿದ್ದವಳೂ ಆಕೆಯೇ.

“ಅಕ್ಕ ಇದ್ದಾಗ ಹೇಳ್ಬೇಕಿತ್ತು ಅಣ್ಣ” ಅಂದಳು.

ಜೋರಾಗಿ ಅನ್ನಲಿಲ್ಲ. ಆದರೆ ಎಲ್ಲರಿಗೂ ಕೇಳಿಸಿತು. ಉತ್ತರಕ್ಕೆ ಏನೇನೋ ಬಾಯಿಗೆ ಬಂತು: ಆಗ ಕೆಲಸ ಹೋಗುತ್ತೆ ಅನ್ನೋ ಭಯ ಇತ್ತು, ಆಮೇಲೆ ಅದು ಬರೀ ತಮಾಷೆ ಆಗಿಹೋಗಿತ್ತು, ಅವಳೇ ನಗುತ್ತಿದ್ದಳು. ಯಾವುದೂ ಅಷ್ಟು ದೊಡ್ಡ ಕಾರಣವಾಗಿ ಕಾಣಲಿಲ್ಲ.

“ಹೇಳ್ಬೇಕಿತ್ತಮ್ಮ” ಅಂದೆ.

ವಂದನೆಯ ಹಾಳೆ ಕೈಯಲ್ಲೇ ಇತ್ತು. ಓದಲಿಲ್ಲ, ಕೂತೆ.