ಎರಡು ವರ್ಷ ಮುಚ್ಚಿಟ್ಟದ್ದನ್ನು ಮೈಕಿನಲ್ಲಿ ಹೇಳಿಬಿಟ್ಟೆ

ಚನ್ನರಾಯಪಟ್ಟಣದ ಛತ್ರದಲ್ಲಿ ಆರತಕ್ಷತೆ. ಧಾರೆ ಮರುದಿನ ಬೆಳಿಗ್ಗೆ. ಆರ್ಕೆಸ್ಟ್ರಾದವರು ಉಸಿರು ತೆಗೆದುಕೊಳ್ಳುವ ಸಂದಿನಲ್ಲಿ ನನಗೆ ಐದು ನಿಮಿಷ ಮೈಕು ಕೊಟ್ಟಿದ್ದರು. ಹುಡುಗ ನನ್ನ ಹಾಸನದ ರೂಮ್‌ಮೇಟು. ಹುಡುಗಿ ಅರಕಲಗೂಡಿನ ಶಾಲೆಯಲ್ಲಿ ನನ್ನ ಜೊತೆ ಟೀಚರು. ಪರಿಚಯಕ್ಕೆ ಕಾರಣನಾದ ಪಾಪ ನನ್ನದು. ಆದರೆ ಮನೆಯವರ ಲೆಕ್ಕದಲ್ಲಿ ಅದು ಹೊಳೆನರಸೀಪುರದ ಬ್ರೋಕರ್ ತಂದ ಸಂಬಂಧ. ಹುಡುಗನ ಜಾತಕ, ಬಯೋಡೇಟಾ ಬ್ರೋಕರ್ ಕೈಗೆ ತಲುಪಿಸಿದವನೂ ನಾನೇ. ಹೆಣ್ಣು ನೋಡುವ ದಿನ ಇಬ್ಬರೂ ಗುರುತಿಲ್ಲದವರಂತೆ ತಲೆ ತಗ್ಗಿಸಿ ಕೂತಿದ್ದರು.

‘ಉಪ್ಪಿಟ್ಟು ಕೊಟ್ಟ ದಿನದಿಂದ ಶುರು ಮಾಡ್ಲಾ, ಅದರ ಹಿಂದಕ್ಕೆ ಓಗ್ಬ್ಯಾಡ’ ಎಂದು ಹುಡುಗ ನನ್ನ ಕೈಯಲ್ಲಿ ಆಣೆ ಹಾಕಿಸಿಕೊಂಡಿದ್ದ.

ಮೊದಲು ನನ್ನನ್ನೇ ಗೇಲಿ ಮಾಡಿಕೊಂಡೆ. ಜನ ನಕ್ಕರು. ಹೆಡ್‌ಮೇಷ್ಟರ ಕೆಮ್ಮು, ಮೂಗಿನ ದನಿ ಮಾಡಿದೆ. ಊಟದ ಹಾಲಿಗೆ ಹೊರಟವರೂ ನಿಂತರು. ಆ ನಗು ತಲೆಗೇರಿ ಆಣೆ ಮರೆತೆ.

‘ಇದೇ ದನಿಯಲ್ಲಿ ಸ್ಟಾಫ್ ರೂಮಿಗೆ ಫೋನ್ ಮಾಡಿ, ಹೊಸದಾಗಿ ಬಂದಿದ್ದ ಇವರಿಗೆ ಮೈದಾನದ ಗಿಡ ಎಣಿಸಿ ಅಂದಿದ್ದೆ. ಪಾಪ, ಬಿಸಿಲಲ್ಲಿ ಎಣಿಸ್ತಾ ಇದ್ರು. ನಾನು ಮರೆತ ಟಿಫನ್ ಡಬ್ಬಿ ಕೊಡೋಕೆ ಬಂದ ಇವನು, ಅದು ಅವನ ಕಿತಾಪತಿ ಮೇಡಂ ಅಂದ. ಇಬ್ಬರೂ ಸೇರಿ ನನ್ನ ಬೈದ್ರು. ಎರಡು ವರ್ಷ ಬೈತಾನೇ ಇದ್ರು.’

ನಗು ಕಡಿದು ಹೋಯಿತು. ಹುಡುಗ ಹಾರವನ್ನು ಹಿಡಿದುಕೊಂಡು ಕಲ್ಲಾಗಿದ್ದ. ಎರಡು ವರ್ಷ ಅಂದೆನಲ್ಲ ಎಂಬುದು ನನಗೆ ಆಗಲೇ ಹೊಳೆದದ್ದು.

ಹುಡುಗಿಯ ತಂದೆ ಮುಂದಿನ ಸಾಲಿನಿಂದ ಎದ್ದು ವೇದಿಕೆ ಹತ್ತಿದರು. ಕೆನ್ನೆಗೆ ಬೀಳುತ್ತದೆ ಎಂದು ನಾನು ಕಣ್ಣು ಮುಚ್ಚಿಕೊಂಡೆ. ಅವರು ನನ್ನ ಕೈಯಿಂದ ಮೈಕು ತೆಗೆದುಕೊಂಡು ಮಗಳ ಕಡೆ ತಿರುಗಿದರು.

‘ದಿಟವಾ ಮಗ?’

ಅವಳು ತಲೆಯಾಡಿಸಿದಳು.

‘ನಾನು ಬ್ಯಾಡ ಅಂತೀನಿ ಅಂತ ಮುಚ್ಚಿಟ್ಟಾ?’

‘ಹೂಂ ಅಪ್ಪಾಜಿ.’

‘ಅಂದಿರ್ತಿದ್ದೆ ಕಣವ್ವ.’

ಸ್ಪೀಕರಿನಲ್ಲಿ ಅದು ಇಡೀ ಛತ್ರಕ್ಕೆ ಕೇಳಿಸಿತು. ಹುಡುಗನ ತಾಯಿ ಬಾಯಿಗೆ ಸೆರಗು ಹಿಡಿದರು. ನಾಳೆಯ ಧಾರೆ ನಿಂತಂತೆಯೇ ಎಂದುಕೊಂಡೆ.

ಹುಡುಗಿಯ ತಂದೆ ಹುಡುಗನ ಕಡೆ ತಿರುಗಿದರು.

‘ಬಿಸ್ಲಲ್ಲಿ ನಿಂತಿದ್ದೋಳ್ಗೆ ನಿಜ ಏಳ್ದೋನು ನೀನೇನಪ್ಪ?’

‘ಹೂಂ ಮಾವ.’

ಅವರು ಮೈಕನ್ನು ನನಗೇ ಕೊಟ್ಟರು. ‘ಮುಂದುಕ್ಕೇಳು. ನನ್ ಮಗಳ ಕತೆ ಊರಿಗೆಲ್ಲ ಗೊತ್ತಾದ್ಮೇಲೆ ನಂಗೂ ಪೂರ್ತಿ ಗೊತ್ತಾಗ್ಲಿ. ಆ ಮೂಗ್ನಲ್ ಮಾತ್ರ ಮಾತಾಡ್ಬ್ಯಾಡ.’

ಹೆಡ್‌ಮೇಷ್ಟರ ದನಿ ಬಿಟ್ಟು, ಉಳಿದದ್ದನ್ನು ನನ್ನ ದನಿಯಲ್ಲೇ ಹೇಳಿದೆ. ಅವರು ಕೆಳಗಿಳಿಯದೆ ಮಗಳ ಪಕ್ಕದಲ್ಲೇ ನಿಂತು ಕಡೆಯವರೆಗೂ ಕೇಳಿದರು.